ನಾಲ್ಕನೇ ಸಾಲಿನ ಆನೆ

ಎರ್ನಾಕುಲಂನ ಪಾಲಾರಿವಟ್ಟದಲ್ಲಿ ಒಂದು ಕನ್ನಡಕದ ಅಂಗಡಿಯ ಮೇಲೆ ನಮ್ಮ ಚೆಸ್ ಕ್ಲಬ್ಬು. ಭಾನುವಾರ ಬೆಳಿಗ್ಗೆ ಅಲ್ಲಿ ನಾನು ಪಾಠ ಹೇಳುತ್ತೇನೆ. ಉಳಿದ ದಿನ ಇಲ್ಲಿನ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಲೆಕ್ಕಪರಿಶೋಧನೆ. ಊರು ಮೈಸೂರು, ಹೆಸರು ಅನಸೂಯಾ, ಮದುವೆಯಾಗಿಲ್ಲ, ಬಾಯಿ ಸ್ವಲ್ಪ ಜೋರು. ವರ್ಗವಾಗಿ ಬಂದವಳು ಇಲ್ಲೇ ಉಳಿದುಬಿಟ್ಟೆ. ಯಾಕೆ ಉಳಿದೆ ಎಂದು ತಂಗಿ ಕೇಳಿದಾಗಲೆಲ್ಲ ಮಾತು ಮರೆಸುತ್ತೇನೆ.

ನನ್ನ ಪಾಠದಲ್ಲಿ ಒಂದು ಕಟ್ಟುನಿಟ್ಟು ಇದೆ. ಯಾರೂ ಅರ್ಧದಲ್ಲಿ ಸೋಲೊಪ್ಪಿ ಕೈಚಾಚುವ ಹಾಗಿಲ್ಲ. 'ಇದು ಗೆಲ್ಲೋ ಆಟ ಅಂತ ಗೊತ್ತು ಟೀಚರೇ' ಎಂದರೆ ಸಾಲದು, ಗೆದ್ದು ತೋರಿಸಬೇಕು. ತೋರಿಸಲಾರದ ಜಾಣತನ ಯಾರಿಗೆ ಬೇಕು?

ಈ ಕಟ್ಟುನಿಟ್ಟಿನಿಂದ ಹೆಚ್ಚು ಪೆಟ್ಟು ತಿಂದವರು ಜೋಸೆಫ್ ಚೇಟ್ಟ. ಚೇಟ್ಟ ಎಂದರೆ ಇಲ್ಲಿ ಅಣ್ಣ. ಎರ್ನಾಕುಲಂ ಜೆಟ್ಟಿಯಿಂದ, ಅಂದರೆ ದೋಣಿಕಟ್ಟೆಯಿಂದ, ಬೋಟು ನಡೆಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಕ್ಲಬ್ಬಿಗೆ ಬರತೊಡಗಿದವರು. ನಮ್ಮ ಮಾತು ಅರ್ಧ ಇಂಗ್ಲಿಷು, ಅರ್ಧ ನನ್ನ ಹರಕು ಮಲಯಾಳ. ಮೊದಲ ದಿನವೇ ಜಗಳವಾಯಿತು. ನಮ್ಮ ಆನೆ ಇಲ್ಲಿಯವರಿಗೆ ತೇರು, ನಮ್ಮ ಒಂಟೆ ಇಲ್ಲಿಯವರಿಗೆ ಆನೆ. ನಾನು 'ಆನೆ ನಡೆಸಿ' ಎಂದಾಗಲೆಲ್ಲ ಅವರು ಒಂಟೆ ಹಿಡಿದರು. ಕೊನೆಗೆ ಅವರೇ ಸೋತು, ಮೂಲೆಯ ಕಾಯಿಯನ್ನು 'ಟೀಚರ ಆನೆ' ಎಂದು ಕರೆಯತೊಡಗಿದರು.

ಆಟ ಮುಗಿದ ಮೇಲೆ ಕೆಳಗೆ ಚಹಾ, ಅದರ ಜೊತೆ ಪಳಂಪೊರಿ. ನೇಂದ್ರ ಬಾಳೆಹಣ್ಣಿನ ಆ ಬಜ್ಜಿಯನ್ನು ಅವರು ಅರ್ಧ ಮುರಿದು ನನ್ನ ತಟ್ಟೆಗೆ ಹಾಕುತ್ತಿದ್ದರು. ನನಗೆ ಈ ಊರಿನಲ್ಲಿ ಇದ್ದ ಸಂಬಂಧ ಅಷ್ಟೇ. ಅದು ದೊಡ್ಡದು ಎಂದು ಆಗ ತಿಳಿಯಲಿಲ್ಲ.

ಜೋಸೆಫ್ ಚೇಟ್ಟನಿಗೆ ಒಂದೇ ಒಂದು ಪಾಠ ಹತ್ತಲಿಲ್ಲ. ಆಟದ ಕೊನೆಗೆ ಎರಡೂ ಕಡೆ ಒಂದೊಂದು ಆನೆ ಉಳಿದು, ಗೆಲ್ಲುವವನ ಹತ್ತಿರ ಒಂದು ಕಾಲಾಳು ಮಾತ್ರ ಇರುವಾಗ ಸೇತುವೆ ಕಟ್ಟುವುದು. ಅವರ ಮುಂದೆ ನಾನು ಎಷ್ಟು ಸಲ ಇಟ್ಟೆನೋ ಆ ಕಾಯಿಗಳನ್ನು! ಬಿಳಿ ಕಾಲಾಳು ಜಿ-ಏಳರಲ್ಲಿ, ಅಂದರೆ ಜಿ ಸಾಲಿನ ಏಳನೇ ಮನೆಯಲ್ಲಿ. ಮಂತ್ರಿಯಾಗಲು ಒಂದೇ ಮನೆ ಬಾಕಿ, ಆದರೆ ಆ ಮನೆಯಲ್ಲಿ, ಜಿ-ಎಂಟರಲ್ಲಿ, ಅದರ ರಾಜನೇ ಕೂತಿದ್ದಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ರಾಜ ಒಂದು ಪಕ್ಕಕ್ಕೆ ಇಳಿಯೋಣವೆಂದರೆ ಎಚ್ ಸಾಲನ್ನು ಕಪ್ಪು ಆನೆ ಎಚ್-ಎರಡರಿಂದ ಕಾಯುತ್ತಿದೆ. ಇನ್ನೊಂದು ಪಕ್ಕದ ಎಫ್ ಮನೆಗಳನ್ನು ಕಪ್ಪು ರಾಜ ಇ-ಏಳರಲ್ಲಿ ನಿಂತು ಕಾಯುತ್ತಿದ್ದಾನೆ. ಬಿಳಿ ಆನೆ ಎಫ್-ಒಂದರಲ್ಲಿದೆ, ನಡೆ ಬಿಳಿಯದು.

"ಮೊದಲು ಏನು ಮಾಡ್ತೀರಿ?" ಎನ್ನುತ್ತಿದ್ದೆ.

"ಆನೆ ಇ-ಒಂದಕ್ಕೆ, ಚೆಕ್."

ಅಲ್ಲಿಯವರೆಗೆ ಸರಿ. ಕಪ್ಪು ರಾಜ ಎಫ್-ಆರಕ್ಕೆ ಬಂದರೆ ಬಿಳಿ ರಾಜ ಎಫ್-ಎಂಟಕ್ಕೆ ಸರಿದು ಕಾಲಾಳಿಗೆ ದಾರಿ ಬಿಡುತ್ತಾನೆ, ಆಟ ಮುಗಿಯಿತು. ಅದಕ್ಕೇ ಅವನು ದೂರ, ಡಿ-ಏಳಕ್ಕೆ ಹೋಗುತ್ತಾನೆ. ಬಾಗಿಲು ತೆರೆಯಿತು. ಜೋಸೆಫ್ ಚೇಟ್ಟ ತಕ್ಷಣ ರಾಜನನ್ನು ಎಫ್-ಏಳಕ್ಕೆ ಇಳಿಸುತ್ತಿದ್ದರು. ನಾನು ಕಪ್ಪು ಆನೆಯಿಂದ ಎಫ್ ಸಾಲಿನಲ್ಲಿ ಚೆಕ್ ಕೊಡುತ್ತಿದ್ದೆ. ಜಿ-ಆರಕ್ಕೆ ಬಂದರೆ ಜಿ ಸಾಲಿನಿಂದ ಚೆಕ್. ಹೀಗೇ ಅಟ್ಟಾಡಿಸುತ್ತಿದ್ದೆ. ಕಾಲಾಳಿನ ಹತ್ತಿರವೇ ಸುತ್ತಿದರೆ ಚೆಕ್ ನಿಲ್ಲುವುದಿಲ್ಲ, ದೂರ ಓಡಿದರೆ ಕಾಲಾಳು ನನ್ನ ಬಾಯಿಗೆ.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬೇಡಿ," ಎಂದು ರೇಗುತ್ತಿದ್ದೆ. "ಚೆಕ್ ಕೊಟ್ಟ ಮೇಲೆ ಆನೇನ ಮೊದಲು ಇ-ನಾಲ್ಕಕ್ಕೆ ತನ್ನಿ. ನಾಲ್ಕನೇ ಸಾಲು. ಅದು ಸುಮ್ಮನೆ ಅಲ್ಲಿ ನಿಂತಿರಲಿ. ಆಮೇಲೆ ರಾಜ ಹೊರಡಲಿ. ಚೆಕ್ ತಿಂತಾ ತಿಂತಾ ಅವನು ಜಿ-ಐದಕ್ಕೆ ಇಳಿಯೋ ಹೊತ್ತಿಗೆ, ಆನೆ ಜಿ-ನಾಲ್ಕಕ್ಕೆ ಸರಿದು ಅಡ್ಡ ನಿಲ್ಲುತ್ತೆ. ಅದೇ ಸೇತುವೆ."

"ಅಷ್ಟು ದೂರ ಯಾಕೆ ನಿಲ್ಲಬೇಕು ಟೀಚರೇ? ರಾಜನ ಪಕ್ಕದಲ್ಲೇ ಇರಬಾರದಾ?"

"ಪಕ್ಕದಲ್ಲಿದ್ರೆ ಉಪಯೋಗ ಇಲ್ಲ. ಅವನು ಬರೋ ಕಡೆ ನಿಂತಿರಬೇಕು."

ಅವರು ತಲೆಯಾಡಿಸುತ್ತಿದ್ದರು. ಮುಂದಿನ ಭಾನುವಾರ ಮತ್ತೆ ರಾಜನನ್ನೇ ಹಿಡಿಯುತ್ತಿದ್ದರು. ಜೆಟ್ಟಿಗೆ ಬೋಟು ತಾಗುವ ಮುಂಚೆ ಹಾರುವ ಪ್ರಯಾಣಿಕರನ್ನು ಆಯುಷ್ಯವೆಲ್ಲ ಬೈದ ಮನುಷ್ಯ, ಚೆಸ್ಸಿನಲ್ಲಿ ತಾನೇ ಹಾರುತ್ತಿದ್ದರು.

ಆಮೇಲೆ ಅವರು ಒಲೆ ಆರಿಸುವುದನ್ನು ಮರೆತರು. ಮನೆಯ ದಾರಿ ತಪ್ಪಿ ಆಲುವದ ಮೆಟ್ರೋ ನಿಲ್ದಾಣದಲ್ಲಿ ಕೂತಿದ್ದರು. ಮಗಳು ನಿರ್ಮಲ ತಿರುವನಂತಪುರದಿಂದ ಬಂದು ಅವರನ್ನು ಕರೆದುಕೊಂಡು ಹೋದಳು. ಹೊರಡುವ ದಿನ ಕ್ಲಬ್ಬಿನ ಮೆಟ್ಟಿಲ ಮೇಲೆ ನಿಂತು ಅವರು ನನ್ನಿಂದ ಒಂದು ಮಾತು ಪಡೆದರು.

"ಟೀಚರೇ, ಎಲ್ಲಾ ಹೋಗೋ ಮುಂಚೆ ಒಂದು ಸಲ, ನಿಜವಾದ ಆಟದಲ್ಲಿ, ನಾನೇ ಸೇತುವೆ ಕಟ್ಟಬೇಕು. ನಿಮ್ಮ ಎದುರಿಗೇ. ನೀವು ಕರುಣೆ ತೋರಿಸಬಾರದು. ಸೋಲೊಪ್ಪಬಾರದು."

"ನಾನು ಯಾವಾಗ ಕರುಣೆ ತೋರಿಸಿದ್ದೀನಿ?" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಅವರಿಲ್ಲದ ಭಾನುವಾರಗಳಲ್ಲಿ ಪಾಠ ಮುಗಿಸಿ ನೇರ ಮನೆಗೆ ಹೋಗುತ್ತಿದ್ದೆ. ಸೋಮವಾರ ಕಚೇರಿಯಲ್ಲಿ ಯಾರಾದರೂ ಮಾತಾಡಿಸಿದರೆ ಗಂಟಲು ಕಟ್ಟಿರುತ್ತಿತ್ತು. ಹಿಂದಿನ ಮಧ್ಯಾಹ್ನದಿಂದ ಬಾಯಿ ಬಿಟ್ಟೇ ಇರುತ್ತಿರಲಿಲ್ಲ. ಫೋನ್ ಮಾಡಿದರೆ ಅವರು 'ಹೂಂ, ಹೂಂ' ಎನ್ನುತ್ತಿದ್ದರು, ಮತ್ತೆ ಫೋನು ನಿರ್ಮಲಳ ಕೈಗೆ ಹೋಗುತ್ತಿತ್ತು. ಬರಬರುತ್ತ ನಾನೂ ಫೋನ್ ಮಾಡುವುದನ್ನು ಕಡಿಮೆ ಮಾಡಿದೆ.

ಕಳೆದ ತಿಂಗಳು ನಿರ್ಮಲಳೇ ಕರೆ ಮಾಡಿದಳು. "ಆಂಟೀ, ನಮ್ಮ ಮನೆ ಹತ್ತಿರದ ವಾಯನಶಾಲೆಯಲ್ಲಿ ಐವತ್ತು ದಾಟಿದವರ ಚೆಸ್ ಪಂದ್ಯ ಇದೆ. ಅಪ್ಪ ಆಡ್ತಾರೆ. ಬೇರೆ ಎಲ್ಲಾ ಮರೀತಾರೆ, ಬೋರ್ಡಿನ ಮುಂದೆ ಕೂತರೆ ಆಡ್ತಾರೆ. ಡಾಕ್ಟರು ಹೇಳ್ತಾರೆ, ಇದೂ ಬಹಳ ದಿನ ಇರಲ್ಲ ಅಂತ. ನೀವೂ ಹೆಸರು ಕೊಟ್ಟು ಆಡೋಕೆ ಬರ್ತೀರಾ?"

ಬೆಳಗಿನ ರೈಲು ಹಿಡಿದು ಹೋದೆ. ವಾಯನಶಾಲೆಯೆಂದರೆ ಓದುವ ಕೋಣೆ. ಪತ್ರಿಕೆಗಳ ಮೇಜುಗಳನ್ನು ಜೋಡಿಸಿ ಬೋರ್ಡು ಇಟ್ಟಿದ್ದರು. ಜೋಸೆಫ್ ಚೇಟ್ಟ ಇಸ್ತ್ರಿ ಮಾಡಿದ ಬಿಳಿ ಮುಂಡು ಉಟ್ಟು ಮೂಲೆಯಲ್ಲಿ ಕೂತಿದ್ದರು. ತುಂಬ ಸೊರಗಿದ್ದರು. ಮಾತಾಡಿಸಲು ಹೋಗುವಷ್ಟರಲ್ಲಿ ಸುತ್ತು ಶುರುವಾಯಿತು. ಊಟಕ್ಕೆ ನಿರ್ಮಲ ಅವರನ್ನು ಮನೆಗೆ ಕರೆದುಕೊಂಡು ಹೋದಳು. ವಾಪಸು ಬಂದ ಮೇಲೆ ನಮ್ಮಿಬ್ಬರಿಗೇ ಜೋಡಿ ಬಿತ್ತು. ಅವರು ಬಿಳಿ, ನಾನು ಕಪ್ಪು.

ಎದುರು ಕೂತೆ. ಅವರು ಗಂಭೀರವಾಗಿ ಕೈಕುಲುಕಿ ಗಡಿಯಾರ ನೋಡಿದರು. ಒಂದು 'ಟೀಚರೇ' ಇಲ್ಲ, ಒಂದು ನಗು ಇಲ್ಲ. ಇಷ್ಟು ದೂರ ಬಂದವಳಿಗೆ ಇದೇನಾ ಮರ್ಯಾದೆ ಎಂದು ಮೈ ಉರಿಯಿತು. ಪಂದ್ಯದ ಬಿಗುವು ಇರಬೇಕು, ಇರಲಿ ಎಂದುಕೊಂಡೆ. ಆ ಸಿಟ್ಟಿನಲ್ಲಿ ಆಡಿ ನಡುವೆ ಎರಡು ಕಾಲಾಳು ಕಳೆದುಕೊಂಡೆ. ಬಿಟ್ಟುಕೊಟ್ಟದ್ದಲ್ಲ, ಪ್ರಾಮಾಣಿಕವಾಗಿ ಕೆಟ್ಟದಾಗಿ ಆಡಿದೆ. ಒಂದನ್ನು ವಾಪಸು ಗಿಟ್ಟಿಸುವ ಹೊತ್ತಿಗೆ ಕಾಯಿಗಳೆಲ್ಲ ಖಾಲಿಯಾಗಿ, ನೋಡಿದರೆ ಅದೇ ಚಿತ್ರ. ಅವರ ರಾಜ ಜಿ-ಎಂಟರಲ್ಲಿ, ಕಾಲಾಳು ಜಿ-ಏಳರಲ್ಲಿ. ನನ್ನ ರಾಜ ಇ-ಏಳರಲ್ಲಿ, ಆನೆ ಎಚ್-ಎರಡರಲ್ಲಿ.

ಅವರು ಆನೆಯನ್ನು ಇ-ಒಂದಕ್ಕೆ ತಂದು ಚೆಕ್ ಕೊಟ್ಟರು. ನಾನು ಡಿ-ಏಳಕ್ಕೆ ಸರಿದೆ.

ಅವರ ಕೈ ರಾಜನ ಮೇಲೆ ಹೋಗಿ ನಿಂತಿತು. ಮುಟ್ಟಿರಲಿಲ್ಲ. ಮುಟ್ಟಿದರೆ ನಡೆಸಲೇಬೇಕು.

ಗೋಡೆಯ ಪಕ್ಕ ನಿರ್ಮಲ ಸೆರಗಿನ ತುದಿ ಹಿಡಿದು ನಿಂತಿದ್ದಳು. ಈಗಲೇ ಕೈಚಾಚಿ 'ನೀವು ಗೆದ್ದಿರಿ' ಎಂದುಬಿಡಲೇ ಎನಿಸಿತು. ಯಾರೂ ತಪ್ಪು ಹೇಳುತ್ತಿರಲಿಲ್ಲ. ದೊಡ್ಡ ಆಟಗಾರರು ಇಲ್ಲಿ ಸೋಲೊಪ್ಪುವುದೇ ರೂಢಿ. ಅವರಿಗೆ ಗೆಲುವಾದರೂ ಸಿಗುತ್ತಿತ್ತು. ರಾಜನನ್ನು ಇಳಿಸಿದರೋ, ನಾನು ಚೆಕ್ ಮೇಲೆ ಚೆಕ್ ಕೊಟ್ಟು, ಅವರಿಗಿದ್ದ ಕೊನೆಯ ಆಸೆಯನ್ನು ನನ್ನ ಕೈಯಾರೆ ಕಿತ್ತುಕೊಳ್ಳಬೇಕು. ಭಯವಾಯಿತು. ಆದರೂ ಕೊಟ್ಟ ಮಾತು ಮಾತೇ. ಎರಡೂ ಕೈಯನ್ನು ಮೇಜಿನ ಕೆಳಗೆ ಹಾಕಿ ಬೆರಳು ಹೆಣೆದು ಕೂತೆ.

ಅವರ ಕೈ ರಾಜನ ಮೇಲಿಂದ ಸರಿಯಿತು. ಬೋರ್ಡಿನಲ್ಲಿ ಅವರ ಕಡೆಯ ಅಂಚಿನವರೆಗೆ ಬಂದು, ಆನೆಯನ್ನು ಹಿಡಿದು, ಇ-ನಾಲ್ಕರಲ್ಲಿ ಇಟ್ಟಿತು.

ನನ್ನ ಕಣ್ಣು ಮಂಜಾಯಿತು. ನನ್ನ ಆನೆಯನ್ನು ಎಚ್-ಒಂದಕ್ಕೆ ಸರಿಸಿದೆ. ಮಾಡಲು ಬೇರೇನೂ ಇರಲಿಲ್ಲ. ಈಗ ರಾಜ ಎಫ್-ಏಳಕ್ಕೆ ಇಳಿದ. ಎಫ್-ಒಂದರಿಂದ ಚೆಕ್ ಕೊಟ್ಟೆ. ಜಿ-ಆರು. ಜಿ-ಒಂದರಿಂದ ಚೆಕ್. ಎಫ್-ಆರು. ಮತ್ತೆ ಎಫ್-ಒಂದರಿಂದ ಚೆಕ್. ಅವರು ಒಂದು ಚೂರೂ ಆತುರಪಡದೆ ಜಿ-ಐದಕ್ಕೆ ಬಂದರು. ಜಿ-ಒಂದರಿಂದ ಕೊನೆಯ ಚೆಕ್ ಕೊಟ್ಟೆ. ಅಷ್ಟು ಹೊತ್ತೂ ಸುಮ್ಮನೆ ನಿಂತಿದ್ದ ಆನೆ ಜಿ-ನಾಲ್ಕಕ್ಕೆ ಸರಿದು ನಡುವೆ ನಿಂತಿತು. ಇನ್ನು ಕೊಡಲು ಚೆಕ್ ಇರಲಿಲ್ಲ. ಆನೆಗೆ ಆನೆ ಹೊಡೆದುಕೊಂಡರೂ ಅವರ ಕಾಲಾಳು ಮಂತ್ರಿಯಾಗುತ್ತಿತ್ತು.

ಈಗ ಕೈಚಾಚಿದೆ. ಅವರು ಎರಡೂ ಕೈಯಿಂದ ಹಿಡಿದುಕೊಂಡರು.

"ಚೆನ್ನಾಗಿ ಆಡಿದಿರಿ," ಎಂದರು. "ಮಧ್ಯದಲ್ಲಿ ಕೈಬಿಡಲಿಲ್ಲ. ಬಹಳ ಉಪಕಾರ. ನೀವು ಯಾವ ಊರಿನವರು?"

"ಎರ್ನಾಕುಲಂ," ಎಂದೆ.

"ಓ! ಹಾಗಾದ್ರೆ ಪಾಲಾರಿವಟ್ಟದ ಕ್ಲಬ್ಬಿಗೆ ಹೋಗಿ. ಅಲ್ಲೊಬ್ಬರು ಟೀಚರ್ ಇದ್ದಾರೆ, ಮೈಸೂರಿನ ಕಡೆಯವರು. ಇದನ್ನ ಕಲಿಸಿದ್ದು ಅವರೇ. ತುಂಬಾ ಬೈತಾರೆ, ನೀವು ಬೇಜಾರು ಮಾಡ್ಕೋಬೇಡಿ. ಒಬ್ಬರೇ ಇರೋದು, ಪಾಪ."

ನಿರ್ಮಲ ಹತ್ತಿರ ಬಂದು, "ಅಪ್ಪಾ, ಇವರೇ..." ಎಂದಳು. ಬೇಡ ಎಂದು ಅವಳತ್ತ ತಲೆಯಾಡಿಸಿದೆ. ಗೆದ್ದ ಮುಖದಲ್ಲಿ ಗಾಬರಿ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಜೋಸೆಫ್ ಚೇಟ್ಟ ನನ್ನ ಕೈ ಬಿಟ್ಟಿರಲಿಲ್ಲ. "ಇವತ್ತು ಬರ್ತೀನಿ ಅಂದಿದ್ದರು," ಎಂದು ಬಾಗಿಲ ಕಡೆ ನೋಡಿದರು. "ಏನೋ ಕೆಲಸ ಬಂದಿರಬೇಕು. ನೀವು ನೋಡಿದಿರಲ್ಲ, ಸಾಕ್ಷಿ ಹೇಳ್ತೀರಾ?"

"ಹೇಳ್ತೀನಿ," ಎಂದೆ.

"ನಂಬ್ತಾರಾ ಅವರು?"

"ನಂಬ್ತಾರೆ ಚೇಟ್ಟಾ."

ಅವರಿಗೆ ಸಮಾಧಾನವಾಯಿತು. ಮುಂದಿನ ಸುತ್ತಿಗೆ ಅವರ ಹೆಸರು ಕೂಗಿದರು. ನಿರ್ಮಲ ತೋಳು ಹಿಡಿದು ಎಬ್ಬಿಸಿದಳು. ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತು ನನ್ನನ್ನೇ ನೋಡಿದರು. ಏನೋ ನೆನಪಾಯಿತೇನೋ ಎಂದು ಎದ್ದು ನಿಂತೆ.

"ಅವರಿಗೆ ಊಟ ಆಯ್ತಾ ಅಂತಲೂ ಕೇಳಿ," ಎಂದರು. "ಭಾನುವಾರ ಅವರನ್ನ ಯಾರೂ ಕೇಳೋದಿಲ್ಲ."