ಇನ್ನೂರು ಗೆರೆಯ ಉಂಗುರ

ಎಂಬತ್ತೊಂಬತ್ತನೇ ಇಸವಿಯ ಆಷಾಢದಲ್ಲಿ ನನ್ನ ಲೇತ್ ಮೆಷಿನ್ನಿನ ಮೋಟರು ಸುಟ್ಟುಹೋಯಿತು. ಸುಡುವುದಕ್ಕೆ ಅದಕ್ಕೆ ಬೇರೆ ದಿನವೇ ಸಿಗಲಿಲ್ಲ. ಅದೇ ಬೆಳಗ್ಗೆ ದಿಬ್ಬೂರಹಳ್ಳಿಯ ಅಕ್ಕಯ್ಯಮ್ಮ ಮುರಿದ ಶಾಫ್ಟಿನ ಎರಡು ತುಂಡನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಶಿಡ್ಲಘಟ್ಟದ ನನ್ನ ವರ್ಕ್‌ಶಾಪಿಗೆ ಬಂದು ಇಳಿದಿದ್ದಳು. ಅವಳದು ರೇಷ್ಮೆ ನೂಲು ಬಿಚ್ಚುವ ಘಟಕ. ಎಲ್ಲ ರಾಟೆಗಳನ್ನೂ ಒಟ್ಟಿಗೆ ತಿರುಗಿಸುವ ಉದ್ದನೆಯ ಶಾಫ್ಟು ಬೇರಿಂಗ್ ಕೂರುವ ಜಾಗದಲ್ಲೇ ಮುರಿದಿತ್ತು. ಹನ್ನೆರಡು ಜನ ಹೆಂಗಸರು ಕೈಕಟ್ಟಿ ಕೂತಿದ್ದರು.

"ಗೂಡಿಗೆ ಆವಿ ಕೊಟ್ಟು ಮೂರು ದಿನ ಆಯ್ತು ರಾಮಾಂಜಿನಪ್ಪ," ಎಂದಳು ಅಕ್ಕಯ್ಯಮ್ಮ. "ಈ ಮಳೇಲಿ ಇನ್ನೆರಡು ದಿನ ಇಟ್ರೆ ಎಲ್ಲಾ ಬೂಸ್ಲು ಬರ್ತದೆ. ಬೂಸ್ಲು ಬಂದ ಗೂಡಲ್ಲಿ ನೂಲೇ ಬಿಚ್ಚಲ್ಲ ಕಣಪ್ಪ. ತಿಪ್ಪೆಗೆ ಸುರೀಬೇಕು."

ನನ್ನ ಹತ್ತಿರ ಅದಕ್ಕೆ ಹೊಂದುವ ಗಟ್ಟಿ ಉಕ್ಕಿನ ಸರಳು ಒಂದೇ ಒಂದಿತ್ತು. ಇನ್ನೊಂದು ಬೇಕೆಂದರೆ ಬೆಂಗಳೂರಿಗೆ ಹೋಗಬೇಕು. ಮೋಟರಿನ ಕಾಯಿಲ್ ಸುತ್ತಿಸಲು ಚಿಕ್ಕಬಳ್ಳಾಪುರದಲ್ಲಿ ನಾಲ್ಕು ದಿನ ಹೇಳಿದ್ದರು. ಅಷ್ಟು ಉದ್ದದ ಶಾಫ್ಟು ಹಿಡಿಯುವ ಲೇತ್ ಹತ್ತಿರದಲ್ಲಿ ಇದ್ದದ್ದು ಚಿಂತಾಮಣಿಯಲ್ಲಿ, ಕೋನಪ್ಪನ ಹತ್ತಿರ. ಆ ಹೆಸರು ನೆನಪಾದಾಗ ನನಗೆ ಬಾಯಿ ಕಹಿಯಾಯಿತು.

ಕೋನಪ್ಪ ಹದಿನಾಲ್ಕು ವರ್ಷದ ಹಿಂದೆ ನನ್ನಲ್ಲೇ ಕೆಲಸಕ್ಕಿದ್ದವನು. ಅವನಿಗೆ ಆಗ ಮದುವೆಯಾದ ಹೊಸದು. ಒಂದು ಪಂಪಿನ ಶಾಫ್ಟಿನಲ್ಲಿ ಒಂದು ಮಿಲಿಮೀಟರ್ ಕಡಿಮೆ ಮಾಡು ಎಂದಿದ್ದೆ. ಅವನು ಎರಡು ಮಿಲಿಮೀಟರ್ ಕೊರೆದಿಟ್ಟ. ಎಲ್ಲರ ಎದುರು ಕೆನ್ನೆಗೆ ಬಾರಿಸಿದೆ. "ಮೂಲಂಗಿ ಸಿಪ್ಪೆ ತೆಗೆಯೋಕೂ ನೀನು ನಾಲಾಯಕ್ಕು, ಹೋಗು" ಎಂದೆ. ಅವನು ಟಿಫನ್ ಡಬ್ಬಿ ಎತ್ತಿಕೊಂಡು ಹೋದ. ಮತ್ತೆ ನನ್ನ ಬಾಗಿಲಿಗೆ ಬರಲಿಲ್ಲ.

ಮೂಲಂಗಿಯ ಮಾತು ನನ್ನ ಮಾಮೂಲಿ ಪಾಠ. ಲೇತಿನಲ್ಲಿ ಕೆಲಸದ ತುಂಡು ತಿರುಗುತ್ತದೆ, ಅದನ್ನು ಕೊರೆಯುವ ಟೂಲು ಅಡ್ಡದಿಂದ ಒಳಗೆ ಹೋಗುತ್ತದೆ. ಅದನ್ನು ತಳ್ಳುವ ಹಿಡಿಯ ಬುಡದಲ್ಲಿ ಗೆರೆ ಹಾಕಿದ ಉಂಗುರ ಇರುತ್ತದೆ. ನನ್ನ ಮೆಷಿನ್ನಿನಲ್ಲಿ ಹಿಡಿ ಒಂದು ಸುತ್ತು ತಿರುಗಿದರೆ ಟೂಲು ಐದು ಮಿಲಿಮೀಟರ್ ಮುಂದೆ ಹೋಗುತ್ತದೆ. ಉಂಗುರದಲ್ಲಿ ನೂರು ಗೆರೆ. ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ನಾವು ಪಾಯಿಂಟು ಎನ್ನುತ್ತೇವೆ. ಹಾಗಾಗಿ ಒಂದು ಗೆರೆಗೆ ಟೂಲು ಐದು ಪಾಯಿಂಟು ಒಳಗೆ. ಆದರೆ ತುಂಡು ಸುತ್ತುತ್ತಲೇ ಇರುವುದರಿಂದ ಸುತ್ತಲೂ ಐದು ಪಾಯಿಂಟು ಸವೆಯುತ್ತದೆ. ಮೂಲಂಗಿಯ ಸಿಪ್ಪೆ ತೆಗೆದ ಮೇಲೆ ಅಡ್ಡ ಕತ್ತರಿಸಿ ಅಳೆದು ನೋಡಿ: ಈ ಕಡೆಯ ಸಿಪ್ಪೆಯೂ ಹೋಗಿದೆ, ಆ ಕಡೆಯದೂ ಹೋಗಿದೆ. ಅಂದರೆ ದಪ್ಪದಲ್ಲಿ ಒಂದು ಗೆರೆಗೆ ಹತ್ತು ಪಾಯಿಂಟು ಕಡಿಮೆ. ಆದ್ದರಿಂದ ಎಷ್ಟು ತೆಗೆಯಬೇಕೋ ಅದರ ಅರ್ಧ ಮಾತ್ರ ಹಿಡಿ ತಿರುಗಿಸಬೇಕು. ಇಷ್ಟೇ. ಇಷ್ಟನ್ನು ಮರೆತವನು ಟರ್ನರ್ ಅಲ್ಲ ಎಂದು ನಾನು ಇಪ್ಪತ್ತೈದು ವರ್ಷ ಕಿರುಚಿದ್ದೇನೆ.

ಬೇರೆ ದಾರಿ ಇರಲಿಲ್ಲ. ಮಾರನೆಯ ಬೆಳಗ್ಗೆ ಸರಳನ್ನು ಮೊದಲ ಬಸ್ಸಿನ ಮೇಲೆ ಕಟ್ಟಿಸಿ, ಹೊಸ ಬೇರಿಂಗುಗಳನ್ನು ಬಟ್ಟೆಯ ಚೀಲದಲ್ಲಿ ಹಿಡಿದುಕೊಂಡ ಅಕ್ಕಯ್ಯಮ್ಮನ ಜೊತೆ ಚಿಂತಾಮಣಿಗೆ ಹೋದೆ.

ಕೋನಪ್ಪ ನನ್ನನ್ನು ನೋಡಿ ಎದ್ದು ನಿಂತ. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು ಬಂದಿತ್ತು.

"ಬನ್ನಿ ಅಣ್ಣ," ಎಂದ. ಹಿಂದಿನ ಮಾತು ಒಂದನ್ನೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಶಾಫ್ಟು ನೋಡಿದ, ಗೂಡಿನ ವಿಷಯ ಕೇಳಿದ, ಕೈಯಲ್ಲಿದ್ದ ಕೆಲಸ ಬದಿಗಿಟ್ಟು ಸರಳನ್ನು ಮೆಷಿನ್ನಿಗೆ ಏರಿಸಿದ. ಹತ್ತೂವರೆಯೊಳಗೆ ಒಂದು ತುದಿ ಮುಗಿಸಿ ಬೇರಿಂಗ್ ಕೂರಿಸಿ ತೋರಿಸಿದ. ಅಚ್ಚುಕಟ್ಟಾಗಿತ್ತು. ನಾನು ಚೆನ್ನಾಗಿದೆ ಎನ್ನಲಿಲ್ಲ. ನಮ್ಮಂಥವರ ಬಾಯಿಂದ ಅಂಥ ಮಾತು ಸುಲಭಕ್ಕೆ ಬರುವುದಿಲ್ಲ. ಇನ್ನೊಂದು ತುದಿಯನ್ನೂ ಕ್ಯಾಲಿಪರ್ ಹಿಡಿದು ಒರಟಾಗಿ ಇಳಿಸಿ, ಕೊನೆಯ ಕಟ್, ಅಂದರೆ ಕೊನೆಯ ಸಲ ಕೊರೆಯುವ ಹಂತಕ್ಕೆ ಬಂದು ನಿಲ್ಲಿಸಿದ. ಮೈಕ್ರೋಮೀಟರಿನಲ್ಲಿ ಅಳೆದೆ. ಮೂವತ್ತೈದು ಮಿಲಿಮೀಟರ್, ಮೇಲೆ ನಲವತ್ತೆರಡು ಪಾಯಿಂಟು. ನಲವತ್ತು ಪಾಯಿಂಟು ತೆಗೆದು, ಉಳಿದ ಎರಡನ್ನು ಎಮೆರಿ ಕಾಗದದಲ್ಲಿ ಉಜ್ಜಿದರೆ ಬೇರಿಂಗ್ ಬಿಗಿಯಾಗಿ ಕೂರುತ್ತದೆ.

"ಕೊನೇ ಕಟ್ ನಾನೇ ಹಾಕ್ತೀನಿ," ಎಂದೆ.

ನಂಬಿಕೆ ಇಲ್ಲದೆ ಹೇಳಿದ ಮಾತು ಅದು. ಕೋನಪ್ಪನಿಗೂ ಗೊತ್ತಾಯಿತು. ಆದರೂ "ಹಾಕಿ ಅಣ್ಣ" ಎಂದು ಪಕ್ಕಕ್ಕೆ ಸರಿದ. "ಹನ್ನೆರಡಕ್ಕೆ ಕರೆಂಟು ತೆಗೀತಾರೆ. ಹೋದ್ರೆ ಸಾಯಂಕಾಲವೇ ಬರೋದು."

ಗೋಡೆಯ ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಹಿಡಿಯ ಮುಂದೆ ನಿಂತೆ. ಅವನ ಉಂಗುರ ನನ್ನದಕ್ಕಿಂತ ಬಹಳ ದೊಡ್ಡದು, ಅಂಬಲಿ ಕುಡಿಯುವ ಬಟ್ಟಲಿನಷ್ಟು ಅಗಲ. ಶೋಕಿಗೆ ಮಾಡಿಸಿದ್ದಾನೆ ಎಂದು ಮನಸ್ಸಿನಲ್ಲೇ ಆಡಿಕೊಂಡೆ. ಗೆರೆಯ ಪಕ್ಕದಲ್ಲಿ, ನನ್ನದರಲ್ಲಿ ಇರುವಂತೆಯೇ, ಒಂದು ಗೆರೆಗೆ ಐದು ಪಾಯಿಂಟು ಎಂದು ಕೊರೆದಿತ್ತು. ಟೂಲಿನ ಮೊನೆಯನ್ನು ತಿರುಗುವ ಶಾಫ್ಟಿಗೆ ಹಗುರವಾಗಿ ತಾಗಿಸಿ, ಉಂಗುರವನ್ನು ಸೊನ್ನೆಗೆ ಕೂರಿಸಿ, ಟೂಲನ್ನು ತುದಿಯಿಂದ ಆಚೆಗೆ ಸರಿಸಿದೆ.

ಆಗ ಕೋನಪ್ಪನ ಹೆಂಡತಿ ಮುನಿಗಂಗಮ್ಮ ಟೀ ತಂದಳು. ಲೋಟ ಕೊಡುತ್ತಾ ಗಂಡನನ್ನು "ಇವರೇನಾ?" ಎಂದು ಮೆಲ್ಲಗೆ ಕೇಳಿದಳು. ಅವನು ಹೂಂ ಎಂದ. ಅಷ್ಟೇ ಮಾತು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ. ಅವತ್ತು ಟಿಫನ್ ಡಬ್ಬಿ ಹಿಡಿದು ಮನೆಗೆ ಹೋದವನು ಇವಳಿಗೆ ಏನು ಹೇಳಿರಬಹುದು ಎಂದು ಯೋಚನೆ ಬಂತು. ಅದೇ ಯೋಚನೆಯಲ್ಲಿ ಹಿಡಿ ತಿರುಗಿಸಿದೆ. ನಲವತ್ತು ಪಾಯಿಂಟು, ಗೆರೆಗೆ ಐದು, ಎಂಟು ಗೆರೆ. ಸ್ವಲ್ಪ ಕೊರೆದು, ನಿಲ್ಲಿಸಿ, ಅಳೆದು ಮುಂದುವರಿಯಬೇಕು, ಅದು ಪದ್ಧತಿ. ಕರೆಂಟಿನ ಆತುರಕ್ಕೆ ಅದನ್ನೂ ಬಿಟ್ಟು, ಟೂಲನ್ನು ಮೆಷಿನ್ನೇ ಸರಿಸಿಕೊಂಡು ಹೋಗುವ ಆಟೊ ಫೀಡಿಗೆ ಹಾಕಿದೆ. ಉಕ್ಕಿನ ಸುರುಳಿ ಹೊಗೆಯಾಡುತ್ತಾ ಉದುರಿತು. ಬೇರಿಂಗಿನ ಜಾಗ ಕೊನೆಯವರೆಗೂ ಹೊಳಪಾಯಿತು.

ಟೂಲನ್ನು ಹಿಂದಕ್ಕೆ ತೆಗೆಯುವಾಗ ಕೈ ತಾನಾಗಿ ಗೆರೆ ಎಣಿಸಿತು. ಎಂಟು. ನಾಲ್ಕಾಗಬೇಕಿತ್ತು.

ಅರ್ಧ ಮಾಡುವುದನ್ನು ಮರೆತಿದ್ದೆ.

ಮೆಷಿನ್ ನಿಲ್ಲಿಸಿದೆ. ಎಂಟು ಗೆರೆಗೆ ಟೂಲು ನಲವತ್ತು ಪಾಯಿಂಟು ಒಳಗೆ ಹೋದರೆ ದಪ್ಪದಲ್ಲಿ ಎಂಬತ್ತು ಹೋಗಿರುತ್ತದೆ. ಮೂವತ್ತೈದಕ್ಕಿಂತ ಮೂವತ್ತೆಂಟು ಪಾಯಿಂಟು ಸಣ್ಣದು. ಬೇರಿಂಗ್ ಸಡಿಲವಾಗಿ ಲೊಡಲೊಡ ಎನ್ನುತ್ತದೆ. ವೆಲ್ಡಿಂಗ್ ಹಾಕಿ ತುಂಬಿಸಿದರೆ ಕಾವಿಗೆ ಶಾಫ್ಟು ಸೊಟ್ಟಗಾಗುತ್ತದೆ. ಇದ್ದದ್ದು ಒಂದೇ ಸರಳು. ಅಕ್ಕಯ್ಯಮ್ಮ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

ಏನಾದರೂ ನೆಪ ಹೇಳಬಹುದಿತ್ತು. ಉಕ್ಕು ಸರಿಯಿಲ್ಲ, ಮೆಷಿನ್ ಹಳೆಯದು, ಹಿಡಿಯ ಸ್ಕ್ರೂ ಸಡಿಲ. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕೋನಪ್ಪನ ಕೆನ್ನೆ ಕಣ್ಣೆದುರಿಗೇ ಇತ್ತು.

"ಕೆಡಿಸಿಬಿಟ್ಟೆ ಕಣಪ್ಪ," ಎಂದೆ. "ಅರ್ಧ ಮಾಡೋದು ಮರ್ತೆ. ನಿನ್ನನ್ನ ಯಾವ ತಪ್ಪಿಗೆ ಹೊಡೆದಿದ್ನೋ ಅದೇ ತಪ್ಪು."

"ಅಯ್ಯೋ ದೇವುಡಾ!" ಎಂದು ಅಕ್ಕಯ್ಯಮ್ಮ ಎದ್ದು ನಿಂತಳು.

ಕೋನಪ್ಪ ಉಂಗುರವನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ಮೈಕ್ರೋಮೀಟರನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟ. "ಒಂದ್ಸಲ ಅಳೀರಿ ಅಣ್ಣ."

"ಇನ್ನೇನು ಅಳೆಯೋದು?"

"ಅಳೀರಿ ಅಂದ್ನಲ್ಲ."

ಅಳೆದೆ. ಮೂವತ್ತೈದು ಮಿಲಿಮೀಟರ್, ಮೇಲೆ ಎರಡು ಪಾಯಿಂಟು. ಕನ್ನಡಕ ಒರೆಸಿಕೊಂಡು ಮತ್ತೆ ಅಳೆದೆ. ಜಾಗ ಬದಲಿಸಿ ಅಳೆದೆ. ಎರಡೇ ಪಾಯಿಂಟು. ಅಷ್ಟರಲ್ಲಿ ಕರೆಂಟು ಹೋಯಿತು. ನಾನು ಹತ್ತಿರದ ಸ್ಟೂಲಿನ ಮೇಲೆ ಕೂತೆ. ಎದೆಯ ಮೇಲಿದ್ದ ಚಪ್ಪಡಿಯನ್ನು ಯಾರೋ ಎತ್ತಿದಂತಾಯಿತು.

"ಸರಿಯಾಗೈತೆ ಅಕ್ಕಯ್ಯಮ್ಮ," ಎಂದೆ. "ಹೆಂಗೆ ಅಂತ ಮಾತ್ರ ಕೇಳ್ಬೇಡ."

"ನಾನ್ಯಾಕೆ ಕೇಳ್ಲಿ! ಸರಿಯಾಗಿದ್ರೆ ಸಾಕು," ಎಂದು ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ನಗತೊಡಗಿದಳು.

ಕೋನಪ್ಪ ಉಂಗುರದ ಮೇಲೆ ಬೆರಳಿಟ್ಟ. "ಇದ್ರಲ್ಲಿ ಇನ್ನೂರು ಗೆರೆ ಅಣ್ಣ. ಸ್ಕ್ರೂ ನಿಮ್ಮದರಂಗೇ, ಸುತ್ತಿಗೆ ಐದು ಮಿಲಿಮೀಟರು. ಅಂದ್ರೆ ಗೆರೆಗೆ ಟೂಲು ಎರಡೂವರೆ ಪಾಯಿಂಟು ಮಾತ್ರ ಒಳಗೋಗ್ತದೆ. ಎರಡೂ ಕಡೆ ಸೇರಿ ದಪ್ಪದಲ್ಲಿ ಐದು. ಮೇಲೆ ಬರೆದಿರೋ ಐದು ದಪ್ಪದ ಲೆಕ್ಕ. ಅರ್ಧ ಮಾಡೋ ಕೆಲಸ ಉಂಗುರಾನೇ ಮಾಡ್ಕೊಂಡುಬಿಡ್ತದೆ."

"ಮೊದಲೇ ಯಾಕೆ ಹೇಳಲಿಲ್ಲಪ್ಪ?"

"ನಿಮಗೆ ಹೇಳ್ಕೊಡೋಷ್ಟು ಧೈರ್ಯ ಎಲ್ಲಿಂದ ತರ್ಲಿ? ನೀವು ಹೆಂಗೂ ಅರ್ಧ ಮಾಡಿ ನಾಲ್ಕು ಗೆರೆ ಹಾಕ್ತೀರ, ಇಪ್ಪತ್ತೇ ಪಾಯಿಂಟು ಹೋಗ್ತದೆ, ದಪ್ಪ ಉಳೀತದೆ. ಉಳಿದ್ರೆ ನಷ್ಟ ಇಲ್ಲ, ಆಮೇಲೆ ಹೇಳಣ ಅಂತಿದ್ದೆ." ಉಂಗುರದ ಮೇಲಿದ್ದ ಉಕ್ಕಿನ ಚೂರನ್ನು ಬೆರಳಲ್ಲಿ ಒರೆಸಿದ. "ನೀವು ಮರೀತೀರ ಅಂತ ಕನಸಲ್ಲೂ ಅನ್ಕೊಂಡಿರ್ಲಿಲ್ಲ."

"ಯಾರು ಮಾಡಿದ್ದು ಇದನ್ನ?"

"ನಾನೇ. ಗೌರಿಬಿದನೂರಲ್ಲಿ ಮಿಲ್ಲಿಂಗ್ ಮೆಷಿನ್ ಇರೋರ ಹತ್ರ ಕೂತು ಒಂದೊಂದೇ ಗೆರೆ ಹಾಕ್ದೆ. ಚಿಕ್ಕ ಉಂಗುರದಲ್ಲಿ ಇನ್ನೂರು ಹಿಡಿಯಲ್ಲ, ಅದಕ್ಕೇ ಇಷ್ಟು ದೊಡ್ಡದು." ಅವನು ಉಂಗುರದಿಂದ ಕೈ ತೆಗೆಯಲಿಲ್ಲ. "ಅವತ್ತು ಮನೆಗೆ ಹೋಗ್ತಾ ದಾರೀಲೇ ತೀರ್ಮಾನ ಮಾಡಿದ್ದೆ ಅಣ್ಣ. ನಾನೊಂದು ಮೆಷಿನ್ ಇಟ್ರೆ, ಈ ತಪ್ಪಿಗೆ ಅಲ್ಲಿ ಯಾರೂ ಏಟು ತಿನ್ಬಾರ್ದು ಅಂತ."

ನನಗೆ ನಾಚಿಕೆಯಾಯಿತು. ಇಪ್ಪತ್ತೈದು ವರ್ಷ ನಾನು ಮರೆಯಬೇಡಿ ಎಂದು ಕಿರುಚುತ್ತಲೇ ಇದ್ದೆ. ಇವನು ಮನುಷ್ಯ ಮರೆಯುತ್ತಾನೆ ಎಂದು ಒಪ್ಪಿಕೊಂಡು ಉಂಗುರ ಮಾಡಿದ್ದ. ಆ ಉಂಗುರದಿಂದ ಬಚಾವಾದವರಲ್ಲಿ ಮೊದಲನೆಯವನೋ ಹತ್ತನೆಯವನೋ, ನಾನೂ ಒಬ್ಬನಾದೆ.

ಎದ್ದು ಅವನ ಭುಜದ ಮೇಲೆ ಕೈಯಿಟ್ಟೆ. "ತಪ್ಪಾಯ್ತು ಕಣಪ್ಪ ಕೋನಪ್ಪ. ಅವತ್ತಿನದು," ಎಂದೆ. ಅವನು ತಲೆ ತಗ್ಗಿಸಿದ. ಒಳಬಾಗಿಲಲ್ಲಿ ನಿಂತಿದ್ದ ಮುನಿಗಂಗಮ್ಮ ಆರಿದ ಟೀ ಲೋಟ ಎತ್ತಿಕೊಂಡು, ಬಿಸಿ ಮಾಡಿ ತರುತ್ತೇನೆ ಎಂದು ಒಳಗೆ ಹೋದಳು.

ಎಮೆರಿ ಉಜ್ಜಲು ಕರೆಂಟು ಬೇಕಿರಲಿಲ್ಲ. ಶಾಫ್ಟನ್ನು ಕಚ್ಚಿ ಹಿಡಿದಿದ್ದ ಚಕ್ಕನ್ನು ಅವನು ಕೈಯಲ್ಲಿ ತಿರುಗಿಸಿದ, ನಾನು ಕಾಗದ ಹಿಡಿದೆ. ಬೇರಿಂಗು ಮರದ ಸುತ್ತಿಗೆಯ ನಾಲ್ಕು ಏಟಿಗೆ ಬಿಗಿಯಾಗಿ ಹೋಗಿ ಕೂತಿತು. ಮೂರರ ಬಸ್ಸಿನಲ್ಲಿ ಹೊರಟೆವು. ಮಾರನೆಯ ದಿನ ದಿಬ್ಬೂರಹಳ್ಳಿಯಲ್ಲಿ ಹನ್ನೆರಡು ರಾಟೆಗಳೂ ತಿರುಗಿದವು.

ಬಸ್ಸು ಹತ್ತುವ ಮೊದಲು ಕೋನಪ್ಪನನ್ನು ಕೇಳಿದ್ದೆ. "ನನಗೂ ಅಂಥದ್ದೊಂದು ಮಾಡ್ಕೊಡ್ತೀಯ?"

"ನಿಮಗ್ಯಾಕಣ್ಣ? ನೀವು ಮರೆಯೋರಲ್ಲ," ಎಂದು ತುಂಟತನದಿಂದ ನಕ್ಕ.

ಹದಿನೈದು ದಿನಕ್ಕೆ ಚಿಂತಾಮಣಿಯಿಂದ ಬಂದ ಬಸ್ಸಿನ ಕಂಡಕ್ಟರು ಕಾಗದದಲ್ಲಿ ಸುತ್ತಿದ ಭಾರದ ಪೊಟ್ಟಣವೊಂದನ್ನು ನನ್ನ ವರ್ಕ್‌ಶಾಪಿನಲ್ಲಿ ಇಳಿಸಿ ಹೋದ. ಬಿಚ್ಚಿ, ಬಾಗಿಲಿನ ಬೆಳಕಿಗೆ ಹಿಡಿದು, ಒಂದೊಂದಾಗಿ ಎಣಿಸಿದೆ. ಇನ್ನೂರು ಗೆರೆ ಸರಿಯಾಗಿದ್ದವು.