ಕೆಳಗಿಂದು ಯಾರ್ದು

ವೀರಭದ್ರಮ್ಮಗ ನನ್ನ ಮ್ಯಾಲ ಅನುಮಾನ, ನನಗ ಆಕಿ ಮನಿ ಬಿ.ಪಿ. ಮಿಷನ್ ಮ್ಯಾಲ ಅನುಮಾನ. ನಡುವ ಸಿಕ್ಕಾಕಿ ಆಕಿ ಸೊಸಿ ಅಕ್ಷತಾ, ಎಂಟು ತಿಂಗಳ ಬಸುರಿ. ನಾನು ಹೇಮಾ, ಸಿರುಗುಪ್ಪದಾಗ ಆರೋಗ್ಯ ಕೇಂದ್ರದ ನರ್ಸ್. ಹುಟ್ಟಿದ್ದು ಕುರುಗೋಡು. ಅಕ್ಷತಾನ ತವರೂ ಕುರುಗೋಡ. ವೀರಭದ್ರಮ್ಮಗ ನನ್ನ ಕಳ್ಳಿ ಮಾಡಾಕ ಇಷ್ಟ ಸಾಕಾತು ನೋಡ್ರಿ.

ಚೊಚ್ಚಲ ಹೆರಿಗಿ ತವರಾಗ ಆಗಬೇಕಂತ ಕುರುಗೋಡಿನವರು ಸೀಮಂತದ ದಿನದಿಂದ ಕರೀತಿದ್ರು. ಕೂಸು ನಮ್ಮ ಮನ್ಯಾಗ ಹುಟ್ಟಬೇಕಂತ ಅತ್ತಿ ಕಳಿಸಿರಲಿಲ್ಲ. ಆ ಜಗಳ ಇನ್ನೂ ಆರಿರಲಿಲ್ಲ, ಅಷ್ಟರಾಗ ನಾನು ಬಾಯಿ ಹಾಕ್ದೆ.

ಬಸುರಿಯರನ್ನ ನೋಡೋ ದಿನ ಅಕ್ಷತಾನ ಬಿ.ಪಿ. ನೂರಾ ನಲವತ್ತಾರು, ತೊಂಬತ್ನಾಲ್ಕು ಬಂತು. ಬಿಸಿಲಾಗ ನಡಕೊಂಡು ಬಂದಾಳ, ಅದಕ್ಕ ಇರಬೇಕಂತ ಕುಂದರಿಸಿ, ಸುಮ್ಮನ ಇರು ಅಂತ ಹೇಳಿ, ಮತ್ತ ನೋಡಿದೆ. ಹೆಚ್ಚೂಕಡಿಮಿ ಅಷ್ಟ ಇತ್ತು. ಬಸುರಿಗೆ ಮ್ಯಾಲಿಂದು ನೂರಾ ನಲವತ್ತು ಮುಟ್ಟಿದ್ರೂ ಚಿಂತಿ, ಕೆಳಗಿಂದು ತೊಂಬತ್ತು ಮುಟ್ಟಿದ್ರೂ ಚಿಂತಿ. ಅತ್ತಿನ ಕರದು, ಕೆಳಗಿಂದೂ ಏರೈತ್ರಿ ಅಂತ ಹೇಳಿದೆ. ಆಕಿ ನಕ್ಕಳು. ಸುಳ್ಳಲ್ಲ, ಮುಖ ಅರಳಿಸಿಕೊಂಡು ನಕ್ಕಳು. ಬಳ್ಳಾರಿ ದೊಡ್ಡಾಸ್ಪತ್ರಿಗೆ ಒಯ್ಯಿರಿ ಅಂದ ಕೂಡಲೆ ಆ ನಗು ಆರಿಹೋತು. ಸೊಸಿ ಬಿ.ಪಿ. ಏರಿದ್ರ ನಗೋ ಅತ್ತಿ ಎಂಥಾಕಿ ಅಂತ ನನಗ ಆವತ್ತಿಂದ ಹುಳ ಹೊಕ್ಕಿತು.

ಎರಡು ದಿನ ಬಿಟ್ಟು ಆಕಿನ ಬಂದ್ಲು, ಒಬ್ಬಾಕಿನ. ಮಗ ಶಶಿಕಾಂತ್ ಅಕ್ಕಿ ಮಿಲ್ಲಿನ ಕೆಲಸದ ಮ್ಯಾಲ ಬಳ್ಳಾರಿಗೆ ಹೋದಾಗ ಮಿಷನ್ ತಂದಿದ್ದನಂತ. ಫೋನಿನಾಗ ಅದರ ಫೋಟೋ ತೋರಿಸಿದ್ಲು: ನೂರಾ ಇಪ್ಪತ್ತೆಂಟು, ಎಂಬತ್ತು. ಬಳ್ಳಾರಿಗೆ ಅಂತ ಬಸ್ ಹತ್ತಿಸಿ ಕುರುಗೋಡಾಗ ಇಳಿಸೋ ಆಟ ನಮಗೂ ಗೊತ್ತೈತಿ, ತವರಿನವರು ನಿನಗೇನು ಕೊಟ್ರು ಅಂತ ಎಲ್ಲರ ಮುಂದ ಕೇಳಿದ್ಲು. ನನಗ ಮೈಯೆಲ್ಲ ಉರದುಹೋತು. ಆದ್ರೂ ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡಂಗ, ಆಕಿ ಹೋದಮ್ಯಾಲ ನನ್ನ ಮಿಷನ್ ನನಗ ಕಟ್ಟಿಕೊಂಡು ನೋಡಿದೆ. ನಮ್ಮ ಶೀಲಾ ಸಿಸ್ಟರ್‌ಗೂ ನೋಡಿದೆ, ಡಾಕ್ಟರ ಮಿಷನ್ ಜೊತಿ ಹೋಲಿಸಿ ನೋಡಿದೆ. ಎಲ್ಲಾ ಸರಿ ಇತ್ತು. ಹಂಗಾದ್ರ ಆ ಮನ್ಯಾಗ ಏನೋ ನಡದೈತಿ ಅನ್ನಿಸಿ ಮರುದಿನ ಅಲ್ಲಿಗೇ ಹೋದೆ.

ವೀರಭದ್ರಮ್ಮ ಚಾ ಕೊಟ್ಟಳು, ಕಣ್ಣು ಮಾತ್ರ ನನ್ನ ಚೀಲದ ಮ್ಯಾಲ. ನಿಮ್ಮ ಮಿಷನ್‌ದಾಗ ನೀವ ನೋಡ್ರಿ, ನಾನು ಮುಟ್ಟೂದಿಲ್ಲ ಅಂದೆ. ಅಕ್ಷತಾ ಹೋಗಿ ಎಡಮಗ್ಗಲಾಗಿ ಮಲಗಿದ್ಲು. ಬಲಗೈ ಸೊಂಟದ ಮ್ಯಾಲ ಇಟ್ಟಳು. ಆ ಮ್ಯಾಲಿನ ಕೈಗೆ ಅತ್ತಿ ಪಟ್ಟಿ ಸುತ್ತಿದ್ಲು. ನೂರಾ ಮೂವತ್ತು, ಎಂಬತ್ತೆರಡು. ನೋಡು ಅನ್ನೋಹಂಗ ನನ್ನ ಕಡೆ ತಿರುಗಿದ್ಲು.

ನನಗ ನಗೂನೂ ಬಂತು, ಸಿಟ್ಟೂ ಬಂತು. ಬಸುರಿ ಎಡಮಗ್ಗಲಿಗೆ ಮಲಗಬೇಕು ಅಂತ ಹೇಳಿದಾಕಿ ನಾನ. ಮಲಗಾಕ ಹೇಳಿದ್ದೆ, ಬಿ.ಪಿ. ನೋಡಾಕಲ್ಲ. ಪಟ್ಟಿ ಕಟ್ಟಿದ ತೋಳು ಎದಿಗಿಂತ ಮ್ಯಾಲ ಹೋದ್ರ ಒತ್ತಡ ಇದ್ದದ್ದಕ್ಕಿಂತ ಕಡಿಮಿ ತೋರಿಸ್ತೈತಿ, ಎದಿಗಿಂತ ಕೆಳಗ ಜೋತುಬಿದ್ರ ಜಾಸ್ತಿ. ಅಕ್ಷತಾನ ಎಬ್ಬಿಸಿ ಕುರ್ಚಿ ಮ್ಯಾಲ ಕುಂದರಿಸಿದೆ. ಬೆನ್ನಿಗೆ ಆಸರ, ಪಾದ ಎರಡೂ ನೆಲಕ್ಕ, ಟೇಬಲ್ ಮ್ಯಾಲ ದಿಂಬಿಟ್ಟು ತೋಳು ಎದಿಮಟ್ಟಕ್ಕ. ಯಾರೂ ಮಾತಾಡಬ್ಯಾಡ್ರಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು ವೀರಭದ್ರಮ್ಮನ ಕೈಲೇ ಬಟನ್ ಒತ್ತಿಸಿದೆ. ನೂರಾ ಅರವತ್ತೆರಡು, ನೂರಾ ಹತ್ತು.

ವೀರಭದ್ರಮ್ಮ ಸೊಸಿ ಹೊಟ್ಟಿ ಸವರಿದ್ಲು.

"ನೂರು ದಾಟ್ತು. ನನ್ನ ಮೊಮ್ಮಗ ಗಟ್ಟಿ ಅದಾನ," ಅಂದ್ಲು.

ಆಗ ತಿಳೀತು ನೋಡ್ರಿ ಆಕಿ ನಗು. ಮ್ಯಾಲಿಂದು ತಾಯಿದು, ಕೆಳಗಿಂದು ಹೊಟ್ಟ್ಯಾಗಿನ ಕೂಸಿಂದು ಅಂತ ಆಕಿ ಲೆಕ್ಕ. ಎರಡು ಜೀವಕ್ಕ ಎರಡು ನಂಬರ್. ದಿನಾ ನೋಡಿ, ಕೆಳಗಿಂದು ಏರಿದಷ್ಟೂ ಖುಷಿಪಟ್ಟಾಳ. ಅಯ್ಯ ಶಿವನೆ, ಬೈಬೇಕೋ ಅಳಬೇಕೋ ತಿಳೀಲಿಲ್ಲ.

ಚೀಲದಾಗಿಂದ ಗಾಳಿ ಹಾಕೋ ಮಿಷನ್ ತೆಗದು ಅಕ್ಷತಾನ ತೋಳಿಗೆ ಸುತ್ತಿದೆ. ಸ್ಟೆತಾಸ್ಕೋಪ್ ಅತ್ತಿ ಕಿವಿಗೇ ಇಟ್ಟೆ. ಗಾಳಿ ತುಂಬಿದೆ. ಪಟ್ಟಿ ಬಿಗಿಯಾಗಿ ರಕ್ತ ನಿಂತೈತಿ, ಏನೂ ಕೇಳ್ಸೂದಿಲ್ಲ ಅಂದೆ. ಮೆಲ್ಲಕ ಗಾಳಿ ಬಿಟ್ಟೆ. ಟಕ್ ಟಕ್ ಅಂತ ಕೇಳಿ ಆಕಿ ತಲಿ ಎತ್ತಿದ್ಲು. ಗುಂಡಿಗಿ ಹಿಂಡಿ ರಕ್ತ ದೂಡಿದಾಗ ಇರೋ ಒತ್ತಡ ಮ್ಯಾಲಿಂದು, ಆ ಮೊದಲನೇ ಸಪ್ಪಳ ಅದನ್ನ ಹೇಳ್ತೈತಿ. ಇನ್ನೂ ಬಿಟ್ಟೆ, ಸಪ್ಪಳ ಅಡಗಿತು. ಗುಂಡಿಗಿ ಸಡಲಾಗಿ ಮತ್ತ ರಕ್ತ ತುಂಬ್ಕೊಳ್ಳೋವಾಗೂ ರಕ್ತನಾಳದಾಗ ಉಳಿಯೋ ಒತ್ತಡ ಕೆಳಗಿಂದು. ಎರಡೂ ಒಂದ ಗುಂಡಿಗಿವು, ಈಕಿವು. ಕೆಳಗಿಂದು ಏರಿದ್ರ ಈಕಿ ರಕ್ತನಾಳಕ್ಕ ಪುರುಸೊತ್ತ ಇಲ್ಲ ಅಂತ ಅರ್ಥ, ಕೂಸಿಗೂ ರಕ್ತ ಕಡಿಮಿ ಹೋಗ್ತೈತಿ ಅಂತ ಬಿಡಿಸಿ ಹೇಳಿದೆ.

ಆಕಿ ಸ್ಟೆತಾಸ್ಕೋಪ್ ತೆಗದು ನನ್ನ ಕೈಗೆ ಕೊಟ್ಟಳು. ಸಪ್ಪಳಕ್ಕ ಹೆಸರು ಬರದಿರ್ತೈತೇನು, ನೀ ಹೇಳಿದ್ದ ನಾ ಯಾಕ ನಂಬಬೇಕು ಅಂದ್ಲು.

ಆಗ ಅಕ್ಷತಾ ಬಾಯಿ ಬಿಟ್ಟಳು. "ಅತ್ತಿ, ತಲಿ ಸಿಡೀತೈತ್ರಿ. ನಿನ್ನಿಂದ ಕಣ್ಣಾಗ ಮಿಂಚಿದಂಗ ಆಗ್ತೈತಿ. ಕೂಸು ಗಟ್ಟಿ ಆಗಾಕತ್ತೈತಿ ಅಂದ್ರಿ, ಅದಕ್ಕ ಸುಮ್ಮನಿದ್ದೆ."

ನಾನು ಡಾಕ್ಟರಿಗೆ ಫೋನ್ ಹಚ್ಚಿದೆ. ಇದು ಬಸುರಿ ಬಿ.ಪಿ., ತಡ ಮಾಡಿದ್ರ ಫಿಟ್ಸ್ ಬರ್ತೈತಿ, ತಾಯಿ ಕೂಸು ಇಬ್ಬರೂ ಉಳಿಯೂದು ಕಷ್ಟ ಅಂತ, ಮಿಲ್ಲಿನಿಂದ ಊಟಕ್ಕ ಬಂದಿದ್ದ ಶಶಿಕಾಂತನ ಮುಂದ ಸ್ಪಷ್ಟ ಹೇಳಿದೆ. ಅವನು ಅವ್ವನ ಮುಖ ನೋಡಲಿಲ್ಲ, ಆಂಬುಲೆನ್ಸ್ ಕರದ. ಡಾಕ್ಟರ್ ಬಂದು ಮಾತ್ರಿ ಕೊಟ್ಟು, ಇಂಜೆಕ್ಷನ್ ಹಾಕಿ, ನನ್ನ ಜೊತಿ ಮಾಡಿ ಕಳಿಸಿದ್ರು.

ವೀರಭದ್ರಮ್ಮನೂ ಹತ್ತಿದ್ಲು. ಸೊಸಿ ಕಡೆ ಅಲ್ಲ, ಬಾಗಿಲ ಕಡೆ ಕುಂತಳು. ಕುರುಗೋಡು ಕ್ರಾಸ್ ಬಂದಾಗ ಬಾಗಿಲ ಹಿಡಿಕಿ ಗಟ್ಟಿ ಹಿಡಕೊಂಡ್ಲು. ಗಾಡಿ ತಿರುಗಲಿಲ್ಲ, ಬಳ್ಳಾರಿ ಕಡೆ ನೆಟ್ಟಗ ಹೋತು. ಆಕಿ ಕೈ ಸಡಲ ಮಾಡಿದ್ಲು.

ಬಳ್ಳಾರಿಯಾಗ ಬಿ.ಪಿ. ಇಳಿಸಾಕ ನೋಡಿದ್ರು, ಕೂಸಿನ ಬಡಿತ ತಗ್ಗಿತು, ಆಪರೇಷನ್ ಮಾಡಿದ್ರು. ಹೆಣ್ಣುಕೂಸು. ಸಣ್ಣದು, ಆದ್ರ ವಾರ್ಡ್ ಎಲ್ಲ ಕೇಳೋಹಂಗ ಅತ್ತಿತು. ಒಂದಿನ ಕೂಸಿನ ವಾರ್ಡಿನಾಗ ಇಟ್ಟುಕೊಂಡು ಕೊಟ್ರು. ನಾನು ನೋಡಾಕ ಹೋದಾಗ ವೀರಭದ್ರಮ್ಮ ಅದನ್ನ ತೊಡಿ ಮ್ಯಾಲ ಹಾಕಿಕೊಂಡು ಸೊಸಿ ಮಂಚದ ಹತ್ತಿರ ಕುಂತಿದ್ಲು. ಮೊಮ್ಮಗ ಅಂತ ಅಂದಿದ್ದು ಮರತೇಹೋಗಿತ್ತು.

ಅಕ್ಷತಾನ ತೋಳಿನ ಪಟ್ಟಿ ತಾನ ಉಬ್ಬಿತು, ಇಳೀತು. ಬಿ.ಪಿ. ಹೆರಿಗಿ ಆದ ಕೂಡಲೆ ಇಳಿಯೂದಿಲ್ಲ, ಕೆಲವು ದಿನ ಕಾಡ್ತೈತಿ. ಮಿಷನ್ ಮ್ಯಾಲ ನಂಬರ್ ಬಂತು: ನೂರಾ ಐವತ್ತು, ನೂರು.

ವೀರಭದ್ರಮ್ಮ ಕೆಳಗಿನ ನಂಬರ್ ನೋಡಿದ್ಲು. ತೊಡಿ ಮ್ಯಾಲಿನ ಕೂಸಿನ ನೋಡಿದ್ಲು. ಮತ್ತ ನಂಬರ್ ನೋಡಿದ್ಲು.

"ಕೂಸು ನನ್ನ ಹತ್ತಿರ ಐತಿ," ಅಂದ್ಲು ಮೆಲ್ಲಕ. "ಮತ್ತ ಕೆಳಗಿಂದು ಯಾರ್ದು?"

ಆಕಿ ಕೂಸಿನ ನನ್ನ ಕೈಗೆ ಕೊಟ್ಟು ಎದ್ದು ಹೋಗಿ, ಮಲಗಿದ್ದ ಸೊಸಿ ಹಣಿ ಮ್ಯಾಲ ಕೈ ಇಟ್ಟಳು.

"ಅಷ್ಟು ದಿನ ಏರಿದ್ದೆಲ್ಲ ನಿಂದೇನವ್ವ," ಅಂದ್ಲು.