ಕಬ್ಬಿನೊಳಗೆ ಕೂಗಿದ ಫೋನು

ಹುಮನಾಬಾದಿನ ವರ್ಷಾ ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗಾಗಿ ದಿನಾ ಬೆಳಗ್ಗೆ ಓಡುತ್ತಿದ್ದಳು. ಬಸ್ ಡ್ರೈವರ್ ಆಗಿದ್ದ ಅಪ್ಪ ಕಾಶಿರಾಮನಿಗೆ ಇದಕ್ಕೆ ತಕರಾರು ಇರಲಿಲ್ಲ. ಫೋನು ಜೊತೆಗಿರಲಿ ಅನ್ನುವುದೊಂದೇ ಅವನ ಮಾತು. ಆದರೆ ಆ ಫೋನೇ ಅವಳಿಗೆ ತೊಡಕಾಗಿತ್ತು. ಟ್ರ್ಯಾಕ್ ಪ್ಯಾಂಟಿನ ಜೇಬಿನಲ್ಲಿಟ್ಟರೆ ತೊಡೆಗೆ ಬಡಿಯುತ್ತಿತ್ತು, ಕೈಯಲ್ಲಿ ಹಿಡಿದರೆ ಭುಜ ಒಂದು ಕಡೆ ವಾಲುತ್ತಿತ್ತು. ಹಾಡಿಲ್ಲದೆ ಓಡಿದರೆ ಹೆಜ್ಜೆಗೆ ಲಯ ಸಿಗುತ್ತಿರಲಿಲ್ಲ.

ಬೀದರಿನ ಓಟದ ಸ್ಪರ್ಧೆಯಲ್ಲಿ ಗೆದ್ದಾಗ ಅಣ್ಣ ಅಂಬರೀಷ ಒಂದು ವಾಚು ತಂದುಕೊಟ್ಟ. ಸಿಮ್ ಹಾಕುವ ವಾಚಲ್ಲ ಅದು. ಆದರೆ ಅದರೊಳಗೇ ಹಾಡು ತುಂಬಿಟ್ಟುಕೊಳ್ಳಬಹುದಿತ್ತು. ಕಿವಿಯ ಬಡ್ಸ್ ನೇರವಾಗಿ ವಾಚಿಗೇ ಜೋಡಣೆಯಾಗುತ್ತಿದ್ದವು, ಓಡಿದ ದಾರಿಯನ್ನೂ ಅದು ತಾನೇ ಗುರುತಿಟ್ಟುಕೊಳ್ಳುತ್ತಿತ್ತು. ಮೊದಲ ಸಲ ಮಾತ್ರ ಒಂದು ಫೋನಿನ ಆ್ಯಪಿಗೆ ಜೋಡಿಸಬೇಕು, ಹಾಡುಗಳನ್ನು ಆ ಆ್ಯಪಿನಿಂದಲೇ ಕಳಿಸಬೇಕು. ವರ್ಷಾಳ ಹಳೆಯ ಫೋನಿನಲ್ಲಿ ಆ ಆ್ಯಪ್ ಇಳಿಯಲೇ ಇಲ್ಲ.

ಬಸವಕಲ್ಯಾಣದಲ್ಲಿ ಗೆಳತಿ ಮೀನಾಜಳ ಮನೆಗೆ ಹೋದಾಗ, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಮೊಬೈಲ್ ಅಂಗಡಿಯಲ್ಲಿ ಕೇಳಿದಳು. ಅಂಗಡಿಯ ಮಹೇಶಕುಮಾರ ಮೆಲುಮಾತಿನವನು. ವಾಚನ್ನು ತನ್ನ ಫೋನಿಗೆ ಜೋಡಿಸಿ, ಚಾರ್ಜಿಗಿಟ್ಟು, ಅವಳು ಹೇಳಿದ ಹಾಡುಗಳನ್ನೆಲ್ಲ ಒಂದೊಂದಾಗಿ ತುಂಬಿದ. ಬಹಳ ಹೊತ್ತು ಹಿಡಿಯಿತು. ಕೊಡುವಾಗ, ಇನ್ನು ಫೋನು ಮನೆಯಲ್ಲೇ ಬಿಟ್ಟು ಓಡಬಹುದು, ಹೊಸ ಹಾಡು ಬೇಕಾದರೆ ಇಲ್ಲಿಗೇ ಬನ್ನಿ, ವಾಚು ಈ ಫೋನನ್ನು ಬಿಟ್ಟು ಬೇರೆಯದರ ಮಾತು ಕೇಳುವುದಿಲ್ಲ ಎಂದು ನಕ್ಕ. ವರ್ಷಾಳೂ ನಕ್ಕಳು.

ಆಮೇಲೆ ಇನ್ನೆರಡು ಸಲ ಅವಳು ಅಲ್ಲಿಗೆ ಹೋಗಿ ಹಾಡು ಹಾಕಿಸಿಕೊಂಡಳು. ಕೊನೆಯ ಸಲ ಅವನು, ಹಳ್ಳಿಖೇಡದ ರಸ್ತೆ ಕಡೆ ಗಾಳಿ ಚಲೋ ಇರಬೇಕಲ್ಲ ಎಂದು ಕೇಳಿದ್ದ. ಹೌದೆಂದು ಹೇಳಿ ಬಸ್ಸು ಹತ್ತಿದ್ದಳು. ಯಾವ ರಸ್ತೆಯಲ್ಲಿ ಓಡುತ್ತೇನೆಂದು ತಾನು ಅವನಿಗೆ ಹೇಳಿಯೇ ಇರಲಿಲ್ಲ ಎಂಬುದು ಮನೆ ಮುಟ್ಟಿದ ಮೇಲೆ ನೆನಪಾಯಿತು. ಮೀನಾಜ ಹೇಳಿರಬೇಕು ಅಂದುಕೊಂಡಳು.

ಕಬ್ಬಿನ ಹಂಗಾಮು ಶುರುವಾಗಿತ್ತು. ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳು ಸಾಲುಗಟ್ಟುವ ಮೊದಲೇ ಅವಳು ಫೋನು ಮನೆಯಲ್ಲೇ ಬಿಟ್ಟು ಹೊರಡುತ್ತಿದ್ದಳು. ರಸ್ತೆಯ ಎರಡೂ ಬದಿಗೆ ಆಳೆತ್ತರ ದಾಟಿದ ಕಬ್ಬು, ಚಳಿಗಾಲದ ತೆಳು ಮಂಜು. ಜೋಡಿಸಿದ ಫೋನಿನ ಸಂಪರ್ಕ ಇಲ್ಲದಾಗ ವಾಚಿನ ಮುಖದ ಮೇಲ್ಭಾಗದಲ್ಲಿ ಅಡ್ಡಗೆರೆ ಎಳೆದ ಫೋನಿನ ಚಿಕ್ಕ ಗುರುತೊಂದು ಕಾಣುತ್ತಿತ್ತು. ಓಡುವಾಗೆಲ್ಲ ಅದು ಇದ್ದೇ ಇರುತ್ತಿತ್ತು. ಒಂದು ದಿನ ಹಳ್ಳದ ಮೋರಿ ದಾಟುವಾಗ ಆ ಗುರುತು ಮಾಯವಾಗಿ, ಮುಂದೆ ಹೋದ ಮೇಲೆ ಮತ್ತೆ ಬಂತು. ಎರಡು ದಿನ ಬಿಟ್ಟು ಅದೇ ಜಾಗದಲ್ಲಿ ಹಾಗೇ ಆಯಿತು. ವಾಚಿನದೇ ಏನೋ ದೋಷವೆಂದು ಬಿಟ್ಟಳು. ಆದರೂ ಆ ಜಾಗ ಬಂದಾಗ ಅವಳ ಹೆಜ್ಜೆ ತಂತಾನೇ ಚುರುಕಾಗುತ್ತಿತ್ತು.

ಒಂದು ಸೋಮವಾರ ಮೋರಿಯ ಹತ್ತಿರ ಲೇಸು ಬಿಚ್ಚಿತು. ಬಗ್ಗಿ ಕಟ್ಟಿಕೊಳ್ಳುತ್ತಿದ್ದಾಗ ಮಣಿಕಟ್ಟಿನಲ್ಲಿ ವಾಚು ನಡುಗಿತು. ಫೋನಿಗೆ ಬಂದ ಮೆಸೇಜನ್ನು ವಾಚು ತೋರಿಸುವಾಗ ಹೀಗೆ ನಡುಗುತ್ತದೆಂದು ಅಂಗಡಿಯಲ್ಲೇ ನೋಡಿದ್ದಳು. ಆದರೆ ಇಲ್ಲಿ ಫೋನೆಲ್ಲಿದೆ? ಕೈ ತಿರುಗಿಸಿ ನೋಡಿದಳು. ಅಡ್ಡಗೆರೆಯ ಗುರುತು ಇರಲಿಲ್ಲ. ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಇತ್ತು. ಕಳಿಸಿದವನ ಹೆಸರು ಸೇಠ್.

"ಅಕಿ ಬಂದ್ಲಾ? ಗಾಡಿ ಚಾಲೂ ಇಡ್ಲ್ಯಾ?"

ವರ್ಷಾ ಎರಡು ಸಲ ಓದಿದಳು. ಕಿವಿಯಲ್ಲಿ ಹಾಡು ನಡೆದೇ ಇತ್ತು. ಬಡ್ಸ್ ಕಿತ್ತು ಮುಷ್ಟಿಯಲ್ಲಿ ಹಿಡಿದಳು. ಎಲೆಗಳು ಒಂದಕ್ಕೊಂದು ಉಜ್ಜುವ ಸದ್ದು. ಎಲ್ಲೋ ಒಂದು ಇಂಜಿನ್ ಸಣ್ಣಗೆ ಗುರುಗುಟ್ಟುತ್ತಿತ್ತು, ಅದು ಮುಂದೋ ಹಿಂದೋ ತಿಳಿಯಲಿಲ್ಲ. ವಾಚು ಜೋಡಣೆಯಾದ ಫೋನು ಒಂದೇ ಒಂದು. ಅದು ಬಸವಕಲ್ಯಾಣದ ಅಂಗಡಿಯಲ್ಲಿರಬೇಕಾದದ್ದು, ಈಗ ಹತ್ತು ಹೆಜ್ಜೆ ಆಚೀಚೆ ಎಲ್ಲೋ ಇದೆ. ಯಾವ ಕಡೆ ಓಡಿದರೆ ಅದರಿಂದ ದೂರವಾಗುತ್ತೇನೆ ಅನ್ನುವುದು ಗೊತ್ತಾಗಬೇಕಿತ್ತು.

ವಾಚಿನಲ್ಲಿ ಫೋನು ಹುಡುಕುವ ಗುಂಡಿಯೊಂದಿತ್ತು. ಅದನ್ನು ಒತ್ತಿದರೆ, ಸೈಲೆಂಟಿನಲ್ಲಿದ್ದರೂ ಜೋಡಣೆಯಾದ ಫೋನು ಜೋರಾಗಿ ಕೂಗುತ್ತದೆ. ಅವಳು ಲೇಸು ಕಟ್ಟುವವಳ ಹಾಗೆಯೇ ಬಗ್ಗಿಕೊಂಡು ಅದನ್ನು ಒತ್ತಿದಳು.

ಎಡಗಡೆಯ ಕಬ್ಬಿನೊಳಗಿಂದ ಫೋನು ಕೂಗಿತು.

ಒಂದು ಕ್ಷಣ ಅದರ ಕೂಗು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ಒಣಎಲೆಗಳು ದಡದಡ ಮುರಿದವು, ಯಾರೋ ತಡಬಡಿಸಿ ಎದ್ದರು. ವರ್ಷಾ ಬಲಕ್ಕೆ ಹಾರಿದಳು. ಆ ಕಡೆಯ ಕಬ್ಬು ಕಟಾವಾಗಿತ್ತು, ಕೂಳೆಗಳಾಚೆ ಕಬ್ಬು ಕಡಿಯುವವರ ಗುಡಿಸಲುಗಳ ಹೊಗೆ ಕಾಣುತ್ತಿತ್ತು. ಕೂಳೆ ಚುಚ್ಚಿ ಕಾಲು ಗೀರಿದರೂ ನಿಲ್ಲಲಿಲ್ಲ. ಹಿಂದೆ ಒಬ್ಬ ಗಂಡಸು ಅವಳ ಹೆಸರು ಹಿಡಿದು ಕರೆದ. ಅಂಗಡಿಯಲ್ಲಿ ಕೇಳಿದ ಅದೇ ಮೆಲುದನಿ.

"ವರ್ಷಾ, ಅಂಜಬ್ಯಾಡ್ರಿ. ನಾನ ಅದೀನಿ."

ಗುಡಿಸಲ ಮುಂದೆ ರೊಟ್ಟಿ ಬಡಿಯುತ್ತಿದ್ದ ಕೇಶರಬಾಯಿ ಎಂಬ ಹೆಂಗಸು ಎದ್ದು ನಿಂತಳು. ಓಡಿಬಂದ ಹುಡುಗಿಯನ್ನೂ ಅವಳ ಹಿಂದಿನ ರಸ್ತೆಯನ್ನೂ ನೋಡಿದಳು. ಒಳಗೆ ಮಲಗಿದ್ದ ಗಂಡಸರನ್ನು ಕೂಗಿ ಎಬ್ಬಿಸಿ, ಕಬ್ಬು ಕಡಿಯುವ ಕೋಯ್ತಾ ಕೈಗೆತ್ತಿಕೊಂಡಳು.

"ನನ್ನ ಹಿಂದ ನಿಂದ್ರು ಮಗಳ," ಅಂದಳು. "ಯಾರ್ ಬರ್ತಾರ ನೋಡೂಣು."

ಯಾರೂ ಬರಲಿಲ್ಲ. ಮೋರಿಯ ಆಚೆ ಮಂಜಿನಲ್ಲಿ ಒಂದು ಬಿಳಿ ವ್ಯಾನು ತಿರುಗಿಕೊಂಡು ಹಳ್ಳಿಖೇಡದ ಕಡೆ ಹೋಯಿತು. ಅದರ ಹಿಂದೆ ಕಬ್ಬಿನ ಬದಿಯಿಂದ ಹೊರಬಂದ ಮೋಟರ್ ಸೈಕಲ್ಲೊಂದು ಹೋಯಿತು. ಫೋನು ಎಷ್ಟು ಹೊತ್ತಿಗೆ ಸುಮ್ಮನಾಯಿತೋ ಯಾರೂ ಗಮನಿಸಿರಲಿಲ್ಲ.

ಕೇಶರಬಾಯಿಯ ಗಂಡನ ಫೋನಿನಿಂದ ವರ್ಷಾ ಅಪ್ಪನಿಗೆ ಕರೆ ಮಾಡಿದಳು. ಕಾಶಿರಾಮ ಓಡೋಡಿ ಬಂದ. ಮಗಳನ್ನು ಬಯ್ಯಲಿಲ್ಲ. ಅವಳ ಕಾಲಿನ ರಕ್ತವನ್ನು ತನ್ನ ಟವಲಿನಿಂದ ಒರೆಸಿದ. ಅಲ್ಲಿಂದ ನೇರವಾಗಿ ಠಾಣೆಗೆ ಹೋದರು.

ಅಂಗಡಿಗೆ ಬೀಗ ಬಿದ್ದಿತ್ತು. ಆ ವಾರದಲ್ಲೇ ಮಹೇಶಕುಮಾರ ಹುಲಸೂರಿನ ಸಂಬಂಧಿಕರ ಮನೆಯಲ್ಲಿ ಪೊಲೀಸರಿಗೆ ಸಿಕ್ಕ. ಅವನ ಫೋನಿನ ಆ್ಯಪಿನಲ್ಲಿ ವರ್ಷಾ ಓಡಿದ ದಾರಿಗಳೆಲ್ಲ ನಕ್ಷೆಯ ಮೇಲೆ ಕೆಂಪು ಗೆರೆಗಳಾಗಿ ಇದ್ದವು. ಎಲ್ಲಿಂದ ಹೊರಟಳು, ಎಲ್ಲಿ ನಿಧಾನವಾದಳು, ಎಲ್ಲಿಂದ ಹಿಂದಿರುಗಿದಳು. ಹಾಡು ಹಾಕಿಸಲು ಅವಳು ವಾಚು ಕೊಟ್ಟಾಗೆಲ್ಲ ಅವೂ ತಾವಾಗಿಯೇ ಆ ಫೋನಿಗೆ ಇಳಿದಿದ್ದವು. ಮೆಸೇಜನ್ನು ಅವನು ಅಳಿಸಿದ್ದ. ವಾಚಿನಲ್ಲಿ ಅದು ಹಾಗೇ ಉಳಿದಿತ್ತು.

ಹುಡುಗಿಯ ಜೊತೆ ಮಾತಾಡಬೇಕಿತ್ತು, ಒಬ್ಬನೇ ಬಂದಿದ್ದೆ ಅಂದ. ಪೊಲೀಸರು ವಾಚಿನ ಮೆಸೇಜು ತೋರಿಸಿದರು. ಸೇಠ್ ಯಾರೆಂದು ಕೇಳಿದ ಪ್ರಶ್ನೆಗೆ ಅವನ ಬಾಯಿಂದ ಹೊರಟದ್ದು ಒಂದೇ ಮಾತು.

"ಅವನ ಹೆಸರ ತಗೊಂಡ್ರ ನಾ ಉಳಿಯಂಗಿಲ್ಲರಿ."

ಸೇಠನ ನಂಬರ್ ಸ್ವಿಚ್ ಆಫ್ ಆಗಿತ್ತು. ಸಿಮ್ ಯಾರ ಹೆಸರಿನಲ್ಲಿತ್ತೋ ಆ ಮನುಷ್ಯ ತೀರಿಕೊಂಡು ವರ್ಷಗಳಾಗಿದ್ದವು.

ವಾಚು ಪೊಲೀಸರ ಹತ್ತಿರವೇ ಉಳಿಯಿತು. ಅಂಬರೀಷ ಇನ್ನೊಂದು ಕೊಡಿಸುತ್ತೇನೆಂದ. ಹೊಸ ಫೋನೂ ತಂದು ಅವಳ ಎದುರೇ ಜೋಡಿಸಿ, ಹಾಡು ತುಂಬುತ್ತೇನೆಂದ. ವರ್ಷಾ ಬೇಡವೆಂದಳು. ಈಗ ಅವಳು ಊರೊಳಗಿನ ಮೈದಾನದಲ್ಲಿ ನಾಲ್ಕು ಜನರ ನಡುವೆ ಓಡುತ್ತಾಳೆ, ಕಾಶಿರಾಮ ಡ್ಯೂಟಿಗೆ ಹೋಗುವ ಮುಂಚೆ ಕಟ್ಟೆಯ ಮೇಲೆ ಕೂತಿರುತ್ತಾನೆ. ವೇಗ ಕುಗ್ಗಿಲ್ಲ.

ಹೋದ ವಾರ ಮೈದಾನದ ಗೇಟಿನಾಚೆ ಒಂದು ಬಿಳಿ ವ್ಯಾನು ಬಂದು ನಿಂತಿತ್ತು. ಅಂಥ ವ್ಯಾನುಗಳು ಊರಲ್ಲಿ ಎಷ್ಟೋ ಇವೆ. ಇಂಜಿನ್ ಚಾಲೂ ಇತ್ತು, ಗಾಜು ಏರಿಸಿತ್ತು. ಕಾಶಿರಾಮ ಕಟ್ಟೆಯಿಂದಿಳಿದು ಅದರ ಕಡೆ ನಡೆದ. ಅವನು ಗೇಟು ಮುಟ್ಟುವಷ್ಟರಲ್ಲಿ ಅದು ಮೆಲ್ಲಗೆ ಹೊರಟುಹೋಯಿತು.